ಅರಾಮ ಅದ ಅಂತ ಬಿಪಿ ಗುಳಿಗಿ ಬಿಡಬ್ಯಾಡ್ರಿ: ಸೇಡಂ ತಾಲೂಕಿನ ಊರಾಗ ಹಿರಿಯರ ಸಭಾಕ್ಕ ಬರದ ಮಾತು

(ಬಸವಣ್ಣನ ಗುಡಿ ಕಟ್ಟಿ, ಸಂಜಿ 5 ಗಂಟಿ. ಮೈಕ್ ಬ್ಯಾಡ, ಜೋರಾಗಿ, ಸಾವಕಾಶ ಹೇಳೋದು. ಕಿವಿ ಮಂದ ಇದ್ದವರನ್ನ ಮುಂದ ಕೂಡಿಸೋದು.)

ಶರಣ್ರಿ ಎಲ್ಲರಿಗೂ. ಸಲಾಂ ಚಾಚಾ, ಬರ್ರಿ, ಇಲ್ಲಿ ಜಾಗಾ ಅದ. ಆಯಿ ನೀವು ಮುಂದ ಬರ್ರಿ, ಅಲ್ಲಿ ಕೇಳಂಗಿಲ್ಲ ನಿಮಗ.

ನಾ ನಿಮ್ಮ ಉಪಕೇಂದ್ರದ ಸಿಸ್ಟರ್, ನಿಮ್ಮ ಮನಿಗಿ ಬರಾಕಿನೇ, ಹೊಸಾಕಿ ಏನಲ್ಲ. ಇವತ್ತ ಬಿಪಿ ಸುದ್ದಿ ಮಾತಾಡಾಮು. ಭಾಳ ಮಾತು ಬ್ಯಾಡ, ಒಂದೇ ಮಾತು ಹೇಳಲಾಕ ಬಂದೀನಿ, ಅದನ್ನೇ ತಿರುಗಿ ತಿರುಗಿ ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಅರಾಮ ಅದ ಅಂತ ಗುಳಿಗಿ ಬಿಡಬ್ಯಾಡ್ರಿ. ಏನಂದೆ? ಅರಾಮ ಅದ ಅಂತ ಗುಳಿಗಿ ಬಿಡಬ್ಯಾಡ್ರಿ.

(ಎಲ್ಲರ ಕಡಿಂದ ಒಮ್ಮೆ ಹೇಳಸೋದು.)

ಯಾಕ ಹೇಳ್ತೀನಂದ್ರ, ನಾ ಮನಿ ಮನಿಗಿ ಹೋದಾಗ ಕೇಳೋದು ಇದೇ ಮಾತು. "ಸಿಸ್ಟರ್, ತಲಿ ನೋವಿಲ್ಲ, ಚಕ್ಕರಿಲ್ಲ, ಊಟ ಹೋಗ್ತದ, ನಿದ್ದಿ ಬರ್ತದ, ಮತ್ತ್ಯಾಕ ಗುಳಿಗಿ?" ಅಂತಾರ. ಮುತ್ಯಾ, ಬಿಪಿ ಅಂದ್ರ ಹೇಳಿ ಕೇಳಿ ಬರೋ ಬ್ಯಾನಿ ಅಲ್ಲ. ಭಾಳ ಮಂದಿಗಿ ತಲಿ ನೋವೂ ಬರಂಗಿಲ್ಲ, ಚಕ್ಕರೂ ಬರಂಗಿಲ್ಲ, 170, 180 ಇದ್ದವರು ಆರಾಮ ಹೊಲಕ್ಕ ಹೋಗಿ ತೊಗರಿ ರಾಶಿ ಮಾಡಿ ಬರ್ತಾರ. ಆದ್ರ ಒಳಗ ಅದು ತನ್ನ ಕೆಲಸ ಮಾಡ್ತಾನೇ ಇರ್ತದ. ಬೋರಿನ ಮೋಟಾರು ಜೋರು ಒತ್ತಲತ್ತದ ಅಂದ್ರ ಪೈಪು ಅವತ್ತೇ ಒಡೀತದೇನು? ಒಡ್ಯಂಗಿಲ್ಲ. ದಿನಾ ಒತ್ತಿ ಒತ್ತಿ ಒಂದಿನ ಎಲ್ಲಿ ಸಡ್ಲ ಅದನೋ ಅಲ್ಲಿ ಒಡೀತದ. ಮೆದುಳಾಗಿನ ನರ ಒಡದ್ರ, ಇಲ್ಲಾ ಅಲ್ಲಿ ರಕ್ತ ಕಟ್ಟಿದ್ರ ಲಕ್ವಾ. ಹೃದಯ ದಣದ್ರ ಉಸುರಾಟ, ಕಾಲಿಗಿ ಬಾವು. ಕಿಡ್ನಿ ಕೆಟ್ಟರ ಡಯಾಲಿಸಿಸ್, ಅದಕ್ಕ ವಾರಕ್ಕ ಎರಡು ಮೂರು ಸಲ ದವಾಖಾನಿಗಿ ಹೋಗಬೇಕು, ಮನ್ಯಾಗಿನ ಒಬ್ಬರ ಕೂಲಿ ಅಷ್ಟು ದಿನ ಬಂದ್. ಕಣ್ಣಿಗೂ ಪೆಟ್ಟು ಬೀಳ್ತದ.

ಹಂಗಾದ್ರ ಬಿಪಿ ಅದನೋ ಇಲ್ಲೋ ಹ್ಯಾಂಗ ತಿಳೀಬೇಕು? ಅಳೀಬೇಕು. ಅಷ್ಟೇ. ತಲಿ ಹಿಡ್ಕೊಂಡು ತಿಳ್ಯಂಗಿಲ್ಲ, ಮುಖಾ ಕೆಂಪಾಗ್ಯದ ಅಂತ ತಿಳ್ಯಂಗಿಲ್ಲ, ಸಿಟ್ಟು ಬರ್ತದ ಅಂತ ತಿಳ್ಯಂಗಿಲ್ಲ. ಪಟ್ಟಿ ಕಟ್ಟಿ ಅಳದ್ರೇ ತಿಳೀತದ. ಎರಡು ನಂಬರ್ ಇರ್ತಾವ, ಮ್ಯಾಲಿಂದು ಒಂದು, ಕೆಳಗಿಂದು ಒಂದು. ಮ್ಯಾಲಿಂದು 140 ಆಗಲಿ, ಕೆಳಗಿಂದು 90 ಆಗಲಿ, ಇಲ್ಲಾ ಅದಕ್ಕ ದಾಟಿ, ಬ್ಯಾರೆ ಬ್ಯಾರೆ ದಿನ ಅಳದಾಗೂ ಹಂಗೇ ಬಂತಂದ್ರ ಬಿಪಿ ಅದ ಅಂತ ಲೆಕ್ಕ. ಗುಳಿಗಿ ತಗೊಳ್ಳೋರಿಗಿ ಸಾಮಾನ್ಯ 140ರ ಕೆಳಗ, 90ರ ಕೆಳಗ ಇರಬೇಕು, ಶುಗರ್ ಕಿಡ್ನಿ ಇದ್ದವರಿಗಿ ಡಾಕ್ಟರು ಇನ್ನಾ ಸ್ವಲ್ಪ ಕಡಿಮಿ ಹೇಳಬಹುದು. 140, 90. ಏನು? 140, 90. ಓದಲಾಕ ಬರಲಿಲ್ಲಂದ್ರೂ ಈ ಎರಡು ನಂಬರ್ ಬಾಯಾಗಿರ್ಲಿ, ಯಾರರೆ ಅಳದ್ರ "ಎಷ್ಟು ಬಂತ್ರಿ?" ಅಂತ ಕೇಳ್ರಿ, ಕೇಳೋದು ನಿಮ್ಮ ಹಕ್ಕು, "ಸ್ವಲ್ಪ ಜಾಸ್ತಿ ಅದ" ಅಂದ್ರ ಒಪ್ಪಬ್ಯಾಡ್ರಿ, ಕಾರ್ಡಿನ ಮ್ಯಾಲ ಬರಸ್ಕೊಂಡೇ ಏಳ್ರಿ.

ಈಗ ಗುಳಿಗಿ ಸುದ್ದಿ. ಪ್ರಾಥಮಿಕ ಆರೋಗ್ಯ ಕೇಂದ್ರದಾಗ ಬಿಪಿ ಗುಳಿಗಿ ಪುಕ್ಕಟ ಕೊಡ್ತಾರ. ದಿನಾ ಒಂದೇ ಹೊತ್ತಿಗಿ ತಗೋರಿ. ಮುಂಜಾನಿ ಚಾ ಕುಡಿತೀರಲಾ, ಚಾ ಬಶಿ ಇಡೋ ಜಾಗದಾಗೇ ಗುಳಿಗಿ ಇಡ್ರಿ. ತಗೊಂಡ ಮ್ಯಾಲ ಕ್ಯಾಲೆಂಡರಿನ ತಾರೀಖಿನ ಮ್ಯಾಲ ಒಂದು ಗೆರಿ ಎಳೀರಿ, ಗೆರಿ ಇಲ್ಲಂದ್ರ ತಗೊಂಡಿಲ್ಲ ಅಂತ. ಒಂದಿನ ಮರತ್ರ ಮರುದಿನ ಎರಡು ನುಂಗಬ್ಯಾಡ್ರಿ, ಎಂದಿನಂಗ ಒಂದೇ.

ಒಬ್ಬರು ಕೇಳ್ಯಾರ, ಒಮ್ಮೆ ಚಾಲೂ ಮಾಡಿದ್ರ ಗುಳಿಗಿ ಚಟ ಬೀಳ್ತದಂತ ಖರೇ ಏನ್ರಿ ಅಂತ. ಇಲ್ರೀ ಕಾಕಾ. ತಂಬಾಕದ್ದು ಚಟ, ಗುಟ್ಕಾದ್ದು ಚಟ, ಗುಳಿಗಿದು ಚಟ ಅಲ್ಲ. ಗುಳಿಗಿ ತಗೊಂಡಾಗ ಬಿಪಿ ಇಳೀತದ, ಬಿಟ್ಟಾಗ ತಿರುಗಿ ಏರ್ತದ, ಬ್ಯಾನಿ ಒಳಗೇ ಅದ ಅಂತ ಅದರ ಅರ್ಥ. ಬಿಪಿ ಬರೋಬ್ಬರಿ ಬಂದದಂದ್ರ ಅದು ಗುಳಿಗಿಂದ ಬಂದದ. ಅದಕ್ಕೇ ಹೇಳೋದು, ಅರಾಮ ಅದ ಅಂತ ಗುಳಿಗಿ ಬಿಡಬ್ಯಾಡ್ರಿ.

ಕೆಲವರಿಗಿ ಗುಳಿಗಿ ತಗೊಂಡ ಮ್ಯಾಲ ಪಾದ ಬಾಯ್ತಾವ, ಕೆಲವರಿಗಿ ಒಣ ಕೆಮ್ಮು ಹತ್ತತದ, ಇನ್ನ ಕೆಲವರಿಗಿ ಉಚ್ಚಿ ಭಾಳ ಬರ್ತದ. ಹಂಗಾದ್ರ ಬಿಡಬ್ಯಾಡ್ರಿ, ಬಂದು ಹೇಳ್ರಿ. ಗುಳಿಗಿ ಒಂದೇ ನಮೂನಿ ಇಲ್ಲ, ಡಾಕ್ಟರು ಬದಲಿ ಮಾಡಿ ಕೊಡ್ತಾರ. ಮತ್ತ ಬಾಜೂ ಮನಿಯಾಕಿ ಗುಳಿಗಿ ತಗೋಬ್ಯಾಡ್ರಿ ಆಯಿ, ಆಕಿದು ಆಕಿಗಿ, ನಿಮ್ಮದು ನಿಮಗ. ಹಾಸಗಿಂದ ಒಮ್ಮೆಲೆ ಎದ್ದು ನಿಂದರಬ್ಯಾಡ್ರಿ. ಮೊದಲ ಎದ್ದು ಕೂಡ್ರಿ, ಕಾಲು ಕೆಳಗ ಬಿಡ್ರಿ, ಸ್ವಲ್ಪ ಹೊತ್ತು ತಡೀರಿ, ಆಮ್ಯಾಲ ಏಳ್ರಿ. ರಾತ್ರಿ ಚಕ್ಕರ್ ಬಂದು ಬಿದ್ದು ಸೊಂಟದ ಎಲುಬು ಮುರಕೊಂಡ್ರ ಅದು ಬ್ಯಾರೆ ತ್ರಾಸು.

ಇನ್ನೊಂದು ಮಾತು, ಇದನ್ನ ಮನಸಿಟ್ಟು ಕೇಳ್ರಿ. ಮೊಣಕಾಲ ನೋವಿನ ಗುಳಿಗಿ. ಹೌದಿಲ್ಲೋ, ಎಲ್ಲರ ಮನ್ಯಾಗೂ ಅದ? ಮೆಡಿಕಲ್ಲಿಗಿ ಹೋಗಿ "ಮೊಣಕಾಲ ನೋಯ್ತದ, ಗುಳಿಗಿ ಕೊಡು" ಅಂದ್ರ ಎಲಿ ಅಡಿಕಿ ಕೊಟ್ಟಂಗ ಕೊಡ್ತಾರ, ನಾವೂ ದಿನಾ ನುಂಗ್ತೀವಿ. ಡೈಕ್ಲೋಫೆನಾಕ್, ಐಬುಪ್ರೊಫೇನ್ ಅಂತ ಇರ್ತಾವ, ಅವು ಬಿಪಿ ಏರಸ್ತಾವ, ದಿನಾ ತಗೊಂಡ್ರ ಕಿಡ್ನಿಗೂ ಪೆಟ್ಟು ಕೊಡ್ತಾವ. ಒಂದು ಕೈಲೆ ಬಿಪಿ ಇಳಿಸೋ ಗುಳಿಗಿ, ಇನ್ನೊಂದು ಕೈಲೆ ಬಿಪಿ ಏರಿಸೋ ಗುಳಿಗಿ, ಹ್ಯಾಂಗ ಇಳೀಬೇಕದು? ನೋವು ಅನುಭೋಗಸ್ರಿ ಅಂತ ನಾ ಹೇಳಲ್ಲ, ನೋವು ನೋವೇ, ಅದರ ತ್ರಾಸು ನನಗ ಗೊತ್ತದ. ಬಿಪಿ ಅದ ಅಂತ ಡಾಕ್ಟರ್‌ಗಿ ಹೇಳ್ರಿ, ಅವರು ನಿಮಗ ಹೊಂದೋದು ಬರಕೊಡ್ತಾರ. ಮನ್ಯಾಗಿನ ಎಲ್ಲಾ ಗುಳಿಗಿ ಒಂದು ಚೀಲದಾಗ ಹಾಕ್ಕೊಂಡು ಬರ್ರಿ, ಕಸಾ ಕಡ್ಡಿ ಅನ್ನಬ್ಯಾಡ್ರಿ, ಎಲ್ಲಾ ತರ್ರಿ, ನಾ ಒಂದೊಂದೇ ನೋಡ್ತೀನಿ.

ಈಗ ಉಪ್ಪು. ಅಡಗಿ ಮಾಡೋ ಅವ್ವಗೋಳು ಇತ್ತ ಕಿವಿ ಕೊಡ್ರಿ. ಒಬ್ಬರಿಗಿ ಒಂದು ದಿನಕ್ಕ ಉಪ್ಪು 5 ಗ್ರಾಮಿಗಿಂತ ಕಡಿಮಿ ಇರಬೇಕು, ಅಂದ್ರ ಸಣ್ಣ ಚಾ ಚಮಚ ಒಂದು.

(ಚಮಚದಾಗ ಉಪ್ಪು ಸಮ ಮಾಡಿ ಎತ್ತಿ ತೋರಸೋದು, ಸುತ್ತ ಕೊಡೋದು.)

ನೋಡ್ರಿ, ಇಷ್ಟೇ. ಮುಂಜಾನಿಂದ ರಾತ್ರಿತನ, ಬ್ಯಾಳಿ, ಪಲ್ಯ, ಹಿಂಡಿ, ಉಪ್ಪಿನಕಾಯಿ, ಭಜಿ ಎಲ್ಲಾ ಕೂಡಿ ಇಷ್ಟೇ. ಮನ್ಯಾಗ ನಾಲ್ಕು ಮಂದಿ ಇದ್ದರ ತಿಂಗಳಿಗಿ ಹೆಚ್ಚಿಗಿ ಅಂದ್ರ 600 ಗ್ರಾಂ. ಕಿಲೋ ಪ್ಯಾಕೇಟು ಎಷ್ಟು ದಿನಕ್ಕ ಖಾಲಿ ಆಗ್ತದ ಅಂತ ಮನಿಗಿ ಹೋಗಿ ಲೆಕ್ಕಾ ಹಾಕ್ರಿ. ನಮ್ಮ ಜ್ವಾಳದ ರೊಟ್ಟಿಗಿ ಉಪ್ಪು ಹಾಕಂಗಿಲ್ಲ, ಅದು ನಮ್ಮ ಪುಣ್ಯ, ಊಟದ ಬುನಾದಿನೇ ಉಪ್ಪಿಲ್ಲದ್ದು. ಉಪ್ಪು ಕುಂತದ್ದು ಅದರ ಬಾಜೂಕ. ಉಪ್ಪಿನಕಾಯಿ ಒಂದು ಹೋಳು, ಶೇಂಗಾ ಹಿಂಡಿ ಎರಡು ಚಮಚ, ಹಪ್ಪಳ ಒಂದು, ಸಂಜಿಗಿ ಮಿರ್ಚಿ ಭಜಿ, ಅದರಾಗ ಸೋಡಾ ಬ್ಯಾರೆ. ಸೋಡಾದಾಗೂ ಉಪ್ಪಿನಾಗಿರೋ ಸೋಡಿಯಂ ಇರ್ತದ, ಕರಿ ಉಪ್ಪು, ಸೈಂಧವ ಲವಣ ಅಂದ್ರೂ ಅದೇ. ಅದಕ್ಕ ಹಿಂಡಿ ಕುಟ್ಟೋವಾಗ ಉಪ್ಪು ಅರ್ಧ ಮಾಡ್ರಿ, ಬಳ್ಳೊಳ್ಳಿ, ಜೀರಿಗಿ ಜಾಸ್ತಿ ಹಾಕ್ರಿ. ಪುಂಡಿ ಪಲ್ಯ ಮಾಡ್ರಿ, ಪುಂಡಿ ಹುಳಿಗಿ ಉಪ್ಪು ಕಡಿಮಿ ಆದದ್ದು ನಾಲಿಗಿಗಿ ತಿಳ್ಯಂಗಿಲ್ಲ. ಮಜ್ಜಿಗಿಗಿ ಉಪ್ಪಿನ ಬದಲಿ ಕೊತಂಬ್ರಿ, ಹಸಿಶುಂಠಿ. ಊಟಕ್ಕ ಕೂತಾಗ ತಾಟಿನ ಬಾಜೂಕ ಉಪ್ಪಿನ ಡಬ್ಬಿ ಇಡಬ್ಯಾಡ್ರಿ. ಮುತ್ಯಾ, ಸೊಸಿ ಉಪ್ಪು ಕಡಿಮಿ ಹಾಕಿದ್ರ ಸಪ್ಪಗ್ಯಾದ ಅಂತ ಸಿಟ್ಟು ಮಾಡಬ್ಯಾಡ್ರಿ, ಆಕಿ ನಿಮ್ಮ ಜೀವಾ ಕಾಯ್ಲತ್ಯಾಳ. ಕೆಲವು ವಾರ ಸಪ್ಪಗ ಹತ್ತತದ, ಆಮ್ಯಾಲ ನಾಲಿಗಿ ಹೊಂದ್ಕೋತದ. ಅಂಗಡ್ಯಾಗ ಸಿಗೋ ಕಡಿಮಿ ಸೋಡಿಯಂ ಉಪ್ಪು ಕಿಡ್ನಿ ತ್ರಾಸು ಇದ್ದವರು ಡಾಕ್ಟರ್‌ಗಿ ಕೇಳದೆ ತಿನ್ನಬ್ಯಾಡ್ರಿ, ಅದರಾಗ ಪೊಟ್ಯಾಶಿಯಂ ಇರ್ತದ.

ತಂಬಾಕು, ಬೀಡಿ, ಗುಟ್ಕಾ ಬಿಡ್ರಿ. ಶಿಂದಿ, ಸೆರೆ ಬಿಡ್ರಿ. ಇದರಾಗ ನಡುವಿನ ದಾರಿ ನನ್ನ ಕಡಿ ಇಲ್ಲ. ಮುಂಜಾನಿ ತಂಪು ಹೊತ್ತಿನಾಗ ಅರ್ಧ ತಾಸು ಅಡ್ಡಾಡ್ರಿ, ಮಾತಾಡಕೋತ ಅಡ್ಡಾಡಲಾಕ ಬರಬೇಕು, ಅಷ್ಟು ಜೋರು ಸಾಕು. ನಮ್ಮ ಕಡಿ ಬ್ಯಾಸಗಿ ಬಿಸಲು ನಿಮಗ ಗೊತ್ತದ, 40 ಡಿಗ್ರಿ ದಾಟಿದಾಗ ಹೊರಗ ಹೋಗಬ್ಯಾಡ್ರಿ. ವಾಂತಿ ಭೇದಿ ಹತ್ತಿದ್ರ ಅವತ್ತೇ ಬಂದು ತೋರಸ್ರಿ, ಮೈಯಾಗಿನ ನೀರು ಕಡಿಮಿ ಆದಾಗ ಕೆಲವು ಬಿಪಿ ಗುಳಿಗಿ ಏನು ಮಾಡಬೇಕಂತ ಡಾಕ್ಟರು ಹೇಳಬೇಕಾಗ್ತದ.

ಮಗನ ಕಡಿ ಹೈದ್ರಾಬಾದಿಗಿ ಹೋಗ್ತೀರಿ, ಪುಣೆಗಿ ಹೋಗ್ತೀರಿ, ಶ್ರೀಶೈಲಕ್ಕ ಪಾದಯಾತ್ರಿ ಹೋಗ್ತೀರಿ. ಹೋಗ್ರಿ. ಬುತ್ತಿ ಕಟ್ಟೋವಾಗ ಗುಳಿಗಿ ಮೊದಲ ಕಟ್ರಿ, ರೊಟ್ಟಿ ಆಮ್ಯಾಲ. ಎರಡು ದಿನ ಮೊದಲ ನನಗ ಹೇಳ್ರಿ, ಪೂರಾ ತಿಂಗಳಿಗಿ ಕೊಡೋ ವ್ಯವಸ್ಥಾ ಮಾಡಸ್ತೀನಿ. ಶ್ರಾವಣ ಸೋಮವಾರ ಉಪಾಸ ಇರ್ಲಿ, ರಂಜಾನ್ ರೋಜಾ ಇರ್ಲಿ ಚಾಚಾ, ಮೊದಲೇ ಬಂದು ಕೇಳ್ರಿ, ಗುಳಿಗಿ ಹೊತ್ತು ಸಹರಿಗಿ ಇಲ್ಲಾ ಇಫ್ತಾರಿಗಿ ಹೊಂದಸ್ಕೊಡ್ತಾರ. ದೇವರ ಹೆಸರ ಮ್ಯಾಲೂ ಗುಳಿಗಿ ಬಿಡಬ್ಯಾಡ್ರಿ.

ಕಡೀ ಮಾತು, ಇದು ಮಕ್ಕಳು ಮೊಮ್ಮಕ್ಕಳೂ ಕೇಳಬೇಕು. ಒಮ್ಮೆಲೆ ಬಾಯಿ ಸೊಟ್ಟಾದ್ರ, ಒಂದು ಕೈ ಎತ್ತಲಾಕ ಬರಲಿಲ್ಲಂದ್ರ, ಮಾತು ತೊದಲಿದ್ರ, ಅದು ಲಕ್ವಾ. ಆ ಹೊತ್ತಿಗಿ ನಾಟಿ ಔಷಧ ಬ್ಯಾಡ, ನಾಲಿಗಿ ಕೆಳಗ ಬಿಪಿ ಗುಳಿಗಿ ಇಡಬ್ಯಾಡ್ರಿ, ನೀರೂ ಹಾಕಬ್ಯಾಡ್ರಿ, ಗಂಟಲಿಗಿ ಸಿಗ್ತದ. 108ಕ್ಕ ಫೋನ್ ಹಚ್ರಿ. ಮೆದುಳಾಗ ರಕ್ತ ಗಡ್ಡಿ ಕಟ್ಟಿದ್ದಿದ್ರ ಅದನ್ನ ಕರಗಸೋ ಸೂಜಿ ನಾಕೂವರಿ ತಾಸಿನೊಳಗೇ ಕೊಡಬೇಕು, ಅದಕ್ಕೂ ಮೊದಲ ತಲಿ ಸ್ಕ್ಯಾನ್ ಆಗಬೇಕು, ಸೇಡಂದಿಂದ ಕಲಬುರಗಿ ದಾರಿನೇ ತಾಸಿನ ಮ್ಯಾಲ. ನಾಳಿ ಮುಂಜಾನಿ ನೋಡಾಮು ಅಂದ್ರ ಹೊತ್ತು ಹೋಯ್ತು. ಎದಿ ನೋವು, ಉಸುರು ಕಟ್ಟೋದು, ಒಮ್ಮೆಲೆ ಕಣ್ಣು ಮಬ್ಬಾಗೋದು ಇದ್ರೂ 108.

ಆಯ್ತು, ಈಗ ಎಲ್ಲರ್ದೂ ಅಳೀತೀನಿ. ಈಗಷ್ಟೇ ಚಾ ಕುಡದವರು, ತಂಬಾಕ ಹಾಕ್ಕೊಂಡವರು ಅರ್ಧ ತಾಸು ತಡದು ಬರ್ರಿ. ಉಚ್ಚಿಗಿ ಬಂದಿದ್ರ ಹೋಗಿ ಬರ್ರಿ. ಕುರ್ಚಿ ಮ್ಯಾಲ ಬೆನ್ನು ಹಚ್ಚಿ ಐದು ನಿಮಿಷ ಸುಮ್ನ ಕೂಡ್ರಿ, ಕಾಲ ಮ್ಯಾಲ ಕಾಲು ಬ್ಯಾಡ, ಪಾದ ನೆಲಕ್ಕಿರ್ಲಿ, ತೋಳಿನ ಮ್ಯಾಲಿನ ಅರಬಿ ಸರಸ್ರಿ, ಕೈ ಟೇಬಲ್ ಮ್ಯಾಲ ಎದಿ ಮಟ್ಟಕ್ಕ ಇಡ್ರಿ, ಅಳ್ಯಾತನ ಮಾತಾಡಬ್ಯಾಡ್ರಿ. ಎರಡು ಸಲ ಅಳೀತೀನಿ, ಆಶಾ ಕಾರ್ಡಿನಾಗ ಬರೀತಾಳ. ನಡೀಲಾಕ ಬರಲ್ದವರು ಕಟ್ಟಿ ಮ್ಯಾಲೇ ಇರ್ರಿ, ನಾನೇ ಅಲ್ಲಿಗಿ ಬರ್ತೀನಿ. ಮೊದಲ ಈ ಆಯಿ ಬರ್ಲಿ.