ಹಾಸನದಿಂದ ಆಖನ್‌ಗೆ: ಮೊದಲ ತಿಂಗಳ ವಿಡಿಯೋ ಸ್ಕ್ರಿಪ್ಟ್

ಪಾತ್ರಗಳು: ಚೇತು, ಜರ್ಮನಿಗೆ ಎಂ.ಎಸ್. ಓದಲು ಹೋಗುವವನು. ಅಮ್ಮ, ಹಾಸನದ ಸಾಲಗಾಮೆ ರಸ್ತೆ ಮನೆಯಲ್ಲಿ. ನಿರೂಪಕಿ.

ದೃಶ್ಯ 1. ಹಾಸನ, ತೆರೆದ ಸೂಟ್‌ಕೇಸ್

ಅಮ್ಮ: ತುಪ್ಪದ ಡಬ್ಬಿ ಪ್ಯಾಂಟ್ ಒಳಗೆ ಸುತ್ತಿಟ್ಟಿದೀನಿ ಕಣೋ.

ಚೇತು: ತೆಗಿಯಮ್ಮ. ಕಸ್ಟಮ್ಸ್‌ನೋರು ಕಿತ್ಕೋತಾರೆ.

ಅಮ್ಮ: ಅವರಿಗ್ಯಾಕೆ ನಮ್ಮನೆ ತುಪ್ಪ? ಕೊಡಿಲ್ಲಿ.

ನಿರೂಪಕಿ: ತುಪ್ಪ, ಪೇಡ, ಹಸಿ ಕರಿಬೇವು ಬೇಡ. ಸಾರಿನ ಪುಡಿ, ಒಂದು ಕಿಲೋ ರಾಗಿಹಿಟ್ಟು ಸಾಕು. ಕುಕ್ಕರ್ ಇಂಡಕ್ಷನ್ ತಳದ್ದಿರಲಿ, ಜೊತೆಗೊಂದು ಗ್ಯಾಸ್ಕೆಟ್. ನಮ್ಮ ಮೂರು ಪಿನ್ ಪ್ಲಗ್ ಅಲ್ಲಿ ಕೂರಲ್ಲ, ಅಡಾಪ್ಟರ್ ತಗೊಳ್ಳಿ.

ದೃಶ್ಯ 2. ಆಖನ್, ಅಕ್ಟೋಬರ್ ಮೊದಲ ವಾರ. ಅಂಚೆಪೆಟ್ಟಿಗೆ ಮುಂದೆ

ಅಮ್ಮ (ವಿಡಿಯೋ ಕಾಲ್): ಊಟ ಬಿಟ್ಟು ಡಬ್ಬಕ್ಕೆ ಚೀಟಿ ಅಂಟಿಸ್ತಿದೀಯಲ್ಲೋ!

ಚೇತು: ಇಲ್ಲಿ ಪೋಸ್ಟಿನೋರು ಡಬ್ಬದ ಮೇಲಿನ ಹೆಸರು ನೋಡಿ ಕಾಗದ ಹಾಕೋದು. ಹೆಸರಿಲ್ಲದಿದ್ರೆ ವಾಪಸ್.

ನಿರೂಪಕಿ: ಮೊದಲ ದಿನವೇ ಮಾಡಬೇಕಾದ ಕೆಲಸ ಇದು. ಬ್ಯಾಂಕ್ ಕಾರ್ಡ್, ಅದರ ಪಿನ್, ತೆರಿಗೆ ಸಂಖ್ಯೆ ಎಲ್ಲ ಅಂಚೆಯಲ್ಲೇ ಬರೋದು. ಇನಿಷಿಯಲ್ ಬೇಡ, ಪಾಸ್‌ಪೋರ್ಟ್‌ನಲ್ಲಿ ಇರುವಂತೆ ಪೂರ್ತಿ ಹೆಸರು ದಪ್ಪಕ್ಷರದಲ್ಲಿ ಬರೆಯಿರಿ.

ಮನೆಗೆ ಬಂದ ಎರಡು ವಾರದೊಳಗೆ ನಗರ ಕಚೇರಿಯಲ್ಲಿ ವಿಳಾಸ ನೋಂದಣಿ, ಅಂದರೆ ಆನ್‌ಮೆಲ್ಡುಂಗ್. ಅದಕ್ಕೆ ಬಾಡಿಗೆ ಕರಾರು ಸಾಲದು. ನೀವು ಆ ಮನೆಗೆ ಬಂದಿದ್ದೀರಿ ಅಂತ ಮನೆ ಮಾಲೀಕರು ಸಹಿ ಹಾಕಿ ಕೊಡುವ ಪತ್ರ, ಅಂದರೆ ವೋನುಂಗ್ಸ್‌ಗೇಬರ್‌ಬೆಸ್ಟೇಟಿಗುಂಗ್ ಬೇಕು.

ಅಮ್ಮ: ಇದೇನು ಸಹಸ್ರನಾಮವಾ?

ಚೇತು: ಇದಿಲ್ಲದಿದ್ರೆ ಕಚೇರಿಯಿಂದ ವಾಪಸ್ ಕಳಿಸ್ತಾರಮ್ಮ.

ನಿರೂಪಕಿ: ನೋಂದಣಿಗೆ ಸ್ಲಾಟ್ ಸಿಗೋದೇ ಕಷ್ಟ, ಊರಲ್ಲಿದ್ದಾಗಲೇ ಬುಕ್ ಮಾಡಿ. ಎಷ್ಟೋ ಬ್ಯಾಂಕ್‌ಗಳು ನೋಂದಣಿ ಪತ್ರ ಕೇಳುತ್ತವೆ. ಅಲ್ಲಿನ ಖಾತೆ ಆಗದೆ ಬ್ಲಾಕ್ಡ್ ಅಕೌಂಟ್, ಅಂದರೆ ವೀಸಾಕ್ಕೆಂದು ಮೊದಲೇ ದುಡ್ಡು ಕಟ್ಟಿಟ್ಟ ಖಾತೆಯಿಂದ, ತಿಂಗಳ ದುಡ್ಡು ಕೈಗೆ ಬರಲ್ಲ. ಹಾಗಾಗಿ ಮೊದಲ ತಿಂಗಳ ಬಾಡಿಗೆ, ಅಡ್ವಾನ್ಸ್, ಊಟದ ಖರ್ಚು ಬೇರೆಯೇ ಇಟ್ಟುಕೊಂಡು ಹೋಗಿ, ಫೋರೆಕ್ಸ್ ಕಾರ್ಡಿನಲ್ಲಾದರೆ ಸಲೀಸು.

ದೃಶ್ಯ 3. ಹಾಸ್ಟೆಲ್ ಅಡುಗೆಮನೆ. ಒಣಮೆಣಸಿನಕಾಯಿ ಸಿಡಿಯುತ್ತದೆ. ಅಲಾರಂ: ಪೀಂ! ಪೀಂ!

ಅಮ್ಮ: ಯಾರದೋ ಮದುವೆ ವಾಲಗ?

ಚೇತು (ಕೆಮ್ಮುತ್ತ): ನನ್ನ ಒಗ್ಗರಣೆಯಮ್ಮ!

ನಿರೂಪಕಿ: ಒಗ್ಗರಣೆಗೆ ಮೊದಲು ಚಿಮಣಿ ಹಾಕಿ, ಕಿಟಕಿ ತೆರೆಯಿರಿ, ಕಾರಿಡಾರ್ ಬಾಗಿಲು ಮುಚ್ಚಿ. ಹೊಗೆ ಕಾರಿಡಾರಿಗೆ ನುಗ್ಗಿದರೆ ಇಡೀ ಕಟ್ಟಡವೇ ಕೆಳಗಿಳಿದು ನಿಲ್ಲಬೇಕಾಗುತ್ತದೆ. ಸೆನ್ಸರ್‌ಗೆ ಪ್ಲಾಸ್ಟಿಕ್ ಕಟ್ಟೋದು ಮಾತ್ರ ಬೇಡ, ನಿಜವಾಗಿ ಬೆಂಕಿ ಬಿದ್ದರೆ ಅದೇ ಕಾಯೋದು.

ಮುದ್ದೆಗೆ ಒಂದು ಲೋಟ ಹಿಟ್ಟು, ಎರಡು ಲೋಟ ನೀರು. ಕರೆಂಟ್ ಒಲೆ ಆರಿಸಿದ ಮೇಲೂ ಕಾವು ಬಿಡಲ್ಲ. ಹಿಟ್ಟು ಬೆಂದ ತಕ್ಷಣ ಪಾತ್ರೆ ಪಕ್ಕಕ್ಕಿಡಿ, ಇಲ್ಲದಿದ್ದರೆ ತಳ ಹತ್ತುತ್ತದೆ.

ದೃಶ್ಯ 4. ಭಾನುವಾರ, ಬಾಗಿಲು ಹಾಕಿದ ಸೂಪರ್‌ಮಾರ್ಕೆಟ್

ಅಮ್ಮ: ಬಂದ್ ಏನೋ ಇವತ್ತು?

ಚೇತು: ಪ್ರತಿ ಭಾನುವಾರಾನೂ ಹೀಗೇ.

ನಿರೂಪಕಿ: ಹಾಲು, ಅಕ್ಕಿ, ತರಕಾರಿ ಶನಿವಾರವೇ ತನ್ನಿ. ಹೋಗುವಾಗ ಖಾಲಿ ಬಾಟಲಿ ಒಯ್ಯಿರಿ, ಫಾಂಡ್, ಅಂದರೆ ಬಾಟಲಿ ಠೇವಣಿಯ ಗುರುತಿರುವ ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟ್ ವಾಪಸ್. ಜಜ್ಜಿದರೆ ಯಂತ್ರ ತಗೊಳ್ಳಲ್ಲ.

ಅಮ್ಮ: ನಾಳೆ ಇದೇ ಹೊತ್ತಿಗೆ ಮಾಡ್ಲಾ?

ಚೇತು: ಅಕ್ಟೋಬರ್ ಕೊನೇ ಭಾನುವಾರ ಅಲ್ವಾ, ಇವತ್ತಿಂದ ಗಡಿಯಾರ ಒಂದು ಗಂಟೆ ಹಿಂದೆ. ನಿಮಗೂ ನಮಗೂ ನಾಲ್ಕೂವರೆ ಗಂಟೆ ವ್ಯತ್ಯಾಸ. ನೀನು ರಾತ್ರಿ ಒಂಬತ್ತೂವರೆಗೆ ಮಾಡು, ನನಗೆ ಸಂಜೆ ಐದು.

ಅಮ್ಮ: ಆಯ್ತು, ಮುದ್ದೆ ತಣ್ಣಗಾಗುತ್ತೆ, ಉಣ್ಣು ಹೋಗು.