ಹೊಸ ಬಾಲ್ ಫೀಲ್ಡ್: ಬಲಗೈ ಓಪನರ್‌ಗೆ ಔಟ್‌ಸ್ವಿಂಗ್ ಪ್ಲಾನ್

ಭಾನುವಾರದ 50 ಓವರ್ ಮ್ಯಾಚ್. ಮೊದಲ 6 ಓವರ್, ಮರದ ಕಡೆಯ ಎಂಡ್‌ನಿಂದ. ಬೌಲರ್ ಬಲಗೈ ಮೀಡಿಯಂ ಫಾಸ್ಟ್, ಓವರ್ ದ ವಿಕೆಟ್. ಚಿತ್ರವನ್ನು ಬೌಲರ್ ನಿಂತಲ್ಲಿಂದ ನೋಡಿ: ಎಡಕ್ಕೆ ಆಫ್ ಸೈಡ್, ಬಲಕ್ಕೆ ಲೆಗ್ ಸೈಡ್. ಹೋದ ಸಲ ಇಬ್ಬರು ಇದನ್ನೇ ತಿರುವುಮುರುವು ಓದಿಕೊಂಡು ಒಂದೇ ಕಡೆ ಹೋಗಿ ನಿಂತರು.

```
                                  10


           3   2   1
       4

   5               *
                   |
                   |            9
       6           |
                  11
           7               8
```

\* ಬ್ಯಾಟರ್
1 ವಿಕೆಟ್ ಕೀಪರ್, ಹಿಂದೆ ಸರಿದು
2 ಫಸ್ಟ್ ಸ್ಲಿಪ್
3 ಸೆಕೆಂಡ್ ಸ್ಲಿಪ್
4 ಗಲ್ಲಿ
5 ಪಾಯಿಂಟ್
6 ಎಕ್ಸ್‌ಟ್ರಾ ಕವರ್
7 ಮಿಡ್ ಆಫ್
8 ಮಿಡ್ ಆನ್
9 ಮಿಡ್ ವಿಕೆಟ್
10 ಫೈನ್ ಲೆಗ್, ಬೌಂಡರಿ ಹತ್ತಿರ
11 ಬೌಲರ್

ಆಫ್ ಕಡೆ ಆರು, ಲೆಗ್ ಕಡೆ ಮೂರು. ಅಂದ್ರೆ ಬಾಲ್ ಆಫ್ ಸ್ಟಂಪ್ ಮೇಲೆ ಅಥವಾ ಅದರಾಚೆ ಒಂದು ಗೇಣು ಇರಲೇಬೇಕು. ಪ್ಯಾಡ್ ಮೇಲೆ ಹಾಕಿದರೆ ಲೆಗ್ ಕಡೆ ಕಾಯೋರು ಜಾಸ್ತಿ ಇಲ್ಲ, ಸುಮ್ನೆ ನಾಲ್ಕು ಕೊಟ್ಟಂತೆ. ಬಾಲ್ ಮುಂದಕ್ಕೇ ಬೀಳಲಿ. ಶಾರ್ಟ್ ಬೇಡ, ಅದು ಸ್ವಿಂಗ್ ಆಗೋಕೆ ಮೊದಲೇ ನೆಲ ಮುಟ್ಟುತ್ತೆ.

5 ಮತ್ತು 6ರ ನಡುವಿನ ದೊಡ್ಡ ಗ್ಯಾಪ್ ಬೇಕೆಂದೇ ಬಿಟ್ಟಿದ್ದು. ಅವನು ಅಲ್ಲಿ ಡ್ರೈವ್ ಮಾಡಲಿ. ಡ್ರೈವ್‌ಗೆ ಕೈ ಚಾಚಿದಾಗ ತಾನೇ ಎಡ್ಜ್ ಬರೋದು, ಅಲ್ವಾ? ಒಂದೆರಡು ಫೋರ್ ಹೋದರೆ ಕವರ್‌ಗೆ ಯಾರನ್ನೂ ಕಳಿಸಬೇಡಿ. ಎಕ್ಸ್‌ಟ್ರಾ ಕವರ್ ತಾನಾಗಿ ಪಾಯಿಂಟ್ ಕಡೆ ಜರುಗೋದೂ ಬೇಡ.

ಸ್ಲಿಪ್‌ನವರು ಕೇಳಿ. ಹೋದ ವಾರ ಕೀಪರ್ ಮತ್ತು ಫಸ್ಟ್ ಸ್ಲಿಪ್ ನಡುವೆ ಬಂದ ಕ್ಯಾಚ್‌ಗೆ ಇಬ್ಬರೂ ಮುಖ ಮುಖ ನೋಡಿಕೊಂಡಿರಿ. ಫಸ್ಟ್ ಸ್ಲಿಪ್ ಕೀಪರ್‌ಗಿಂತ ಅರ್ಧ ಹೆಜ್ಜೆ ಹಿಂದೆ. ಸ್ಲಿಪ್‌ನ ಇಬ್ಬರೂ ಕೈ ಚಾಚಿದರೆ ಬೆರಳು ಬೆರಳಿಗೆ ತಾಗಬೇಕು, ಅಷ್ಟೇ ಅಂತರ. ಕೀಪರ್ ಗ್ಲೌಸ್ ಮುಟ್ಟುವ ಬಾಲ್ ಕೀಪರ್‌ದೇ, ಅವನು "ನಂದು" ಅಂತ ಕೂಗಲಿ. ಮ್ಯಾಟ್ ಮೇಲೆ ಬೌನ್ಸ್ ಜಾಸ್ತಿ, ಹಾಗಾಗಿ ಮೊದಲ ಓವರ್ ನೋಡಿ ಎರಡು ಹೆಜ್ಜೆ ಹಿಂದೆ ಹೋಗಿ.

ಮೊದಲ 10 ಓವರ್‌ನಲ್ಲಿ ಸರ್ಕಲ್ ಹೊರಗೆ ಇಬ್ಬರು ಇರಬಹುದು. ನಾವು ಫೈನ್ ಲೆಗ್ ಒಬ್ಬನನ್ನೇ ಇಟ್ಟಿದ್ದೇವೆ. ಸ್ವಿಂಗ್ ನಿಂತರೆ 3 ನೇರ ಥರ್ಡ್ ಮ್ಯಾನ್ ಬೌಂಡರಿಗೆ ಓಡಲಿ. ಆ ಕೈಸನ್ನೆ ನನ್ನದು ಮಾತ್ರ, ಬೌಲರ್‌ದಲ್ಲ.

ಎಡಗೈ ಬ್ಯಾಟರ್ ಬಂದ ತಕ್ಷಣ ಈ ಚಿತ್ರ ಮರೆತುಬಿಡಿ. ಅವನಿಗೆ ಇದೇ ಬಾಲ್ ಒಳಕ್ಕೆ ಬರುತ್ತೆ, ಫೀಲ್ಡ್ ಬೇರೆ.