ಕೊಠಡಿ 12ರಲ್ಲಿ ಕರೆಂಟ್ ಹೋದ ಬಗ್ಗೆ ವರದಿ

ಇವರಿಗೆ: ಕುಲಸಚಿವರು (ಮೌಲ್ಯಮಾಪನ)
ಮುಖಾಂತರ: ಮುಖ್ಯ ಅಧೀಕ್ಷಕರು, ಪರೀಕ್ಷಾ ಕೇಂದ್ರ
ದಿನಾಂಕ: 14 ಮೇ
ವಿಷಯ: ಬಿ.ಕಾಂ. 4ನೇ ಸೆಮಿಸ್ಟರ್, ವೆಚ್ಚ ಲೆಕ್ಕಶಾಸ್ತ್ರ, ಮಧ್ಯಾಹ್ನ 2ರಿಂದ 5

ಮಾನ್ಯರೇ,

ಇಂದು ಗುಡುಗು ಮಳೆ ಶುರುವಾಗಿ 3.12ಕ್ಕೆ ಕರೆಂಟ್ ಹೋಯಿತು. 3.49ಕ್ಕೆ ಬಂತು. ಒಟ್ಟು 37 ನಿಮಿಷ. ಸಮಯವನ್ನು ಗೋಡೆ ಗಡಿಯಾರ ನೋಡಿ ಆಗಲೇ ಬರೆದಿಟ್ಟೆ. ಜನರೇಟರ್ ಲೈನ್ ಕಚೇರಿಗೆ ಮಾತ್ರ ಇದೆ, ಈ ಕೊಠಡಿಗಿಲ್ಲ.

ಹಂಚಿಕೆಯಾದವರು 38, ಹಾಜರಿದ್ದವರು 36. ಕಿಟಕಿ ಪಕ್ಕದ 22 ಜನ ಹೇಗೋ ಬರೆದರು. ಒಳಗೋಡೆ ಕಡೆಯ 14 ಜನರಿಗೆ (ಆಸನ 15ರಿಂದ 28) ಪ್ರಶ್ನೆಪತ್ರಿಕೆಯ ಅಕ್ಷರವೇ ಕಾಣಲಿಲ್ಲ. ಅಂಕಿಗಳ ಪಟ್ಟಿ ಓದುವ ಪೇಪರ್ ಅದು, ಊಹಿಸಿ ಬರೆಯೋಕೆ ಆಗಲ್ಲ ಅಲ್ವಾ? ಆಸನ 21ರ ವಿದ್ಯಾರ್ಥಿನಿ ಪತ್ರಿಕೆಯನ್ನು ಕಣ್ಣಿನ ಹತ್ತಿರ ಹಿಡಿದು, ಆಮೇಲೆ ಪೆನ್ನು ಕೆಳಗಿಟ್ಟು ಸುಮ್ನೆ ಕೂತರು. ಮೇಣದಬತ್ತಿ ತರಿಸಿದೆ, ಆದರೆ ಸಿಕ್ಕಿದ್ದು ಎರಡೇ. ಅಷ್ಟೂ ಹೊತ್ತು ನಾನು ಕೊಠಡಿ ಬಿಟ್ಟು ಹೋಗಿಲ್ಲ. ಯಾರೂ ಎದ್ದು ಓಡಾಡಲಿಲ್ಲ, ನಕಲು ನಡೆದಿಲ್ಲ.

ಮುಖ್ಯ ಅಧೀಕ್ಷಕರು ಈ 14 ಜನರಿಗೆ 30 ನಿಮಿಷ ಹೆಚ್ಚುವರಿ ಸಮಯ ಕೊಟ್ಟರು. ಇಬ್ಬರು 5ಕ್ಕೇ ಮುಗಿಸಿ ಹೋದರು, 12 ಜನ 5.30ರವರೆಗೆ ಬರೆದರು. ಅಂದರೆ ಅವರಿಗೆ ಇನ್ನೂ 7 ನಿಮಿಷ ಕಡಿಮೆಯೇ ಆಯಿತು. ಲೆಕ್ಕದ ಪೇಪರಿನಲ್ಲಿ ಅದು ಸಣ್ಣದಲ್ಲ. ಮೌಲ್ಯಮಾಪನದ ಹೊತ್ತಿಗೆ ಇದನ್ನು ಗಮನಿಸಬೇಕೆಂದು ಕೋರುತ್ತೇನೆ.

14 ಜನರ ನೋಂದಣಿ ಸಂಖ್ಯೆ, ಸಹಿ ಇರುವ ಪಟ್ಟಿ ಲಗತ್ತಿಸಿದ್ದೇನೆ. ಅವರ ಉತ್ತರ ಪತ್ರಿಕೆಗಳನ್ನು ಬೇರೆ ಕಟ್ಟಿನಲ್ಲಿ ಕಳಿಸಿದ್ದೇವೆ.

ತಮ್ಮ ವಿಶ್ವಾಸಿ,
ಕೊಠಡಿ ಮೇಲ್ವಿಚಾರಕರು, ಕೊಠಡಿ 12